ಬಿಲ್ಲಿಗಿಂತ ಉಳಿತಾಯವೇ ಜಾಸ್ತಿ: ಗುಬ್ಬಿ ತಾಲ್ಲೂಕಿನ ಒಂದು ಕಾಲೇಜಿನ ಸೋಲಾರ್ ಬಜೆಟ್

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಒಂದು ಟ್ರಸ್ಟ್ ಇದೆ. ಒಂದು ಹೈಸ್ಕೂಲು, ಒಂದು ಪಿಯು ಕಾಲೇಜು, ಜೊತೆಗೆ ಒಂದು ಹಾಸ್ಟೆಲ್ ನಡೆಸುತ್ತದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಹಾಕಿಲ್ಲ. 2024ರ ಬೇಸಿಗೆಯಲ್ಲಿ ಅವರ ಆಡಳಿತ ಮಂಡಳಿಯ ಮುಂದೆ ಒಂದು ಸೋಲಾರ್ ಕೊಟೇಶನ್ ಬಂತು. 40 ಕಿಲೋವ್ಯಾಟ್, ಖರ್ಚು 17 ಲಕ್ಷ 60 ಸಾವಿರ, ವರ್ಷದ ಉಳಿತಾಯ 5 ಲಕ್ಷ 88 ಸಾವಿರ, ಮೂರೇ ವರ್ಷಕ್ಕೆ ಹಾಕಿದ ದುಡ್ಡು ವಾಪಸ್. ಬಣ್ಣದ ಹಾಳೆಯಲ್ಲಿ, ಗ್ರಾಫ್ ಸಮೇತ.

ಟ್ರಸ್ಟಿನ ಖಜಾಂಚಿ ರಿಟೈರ್ಡ್ ಗಣಿತದ ಮೇಷ್ಟ್ರು. ಅವರು ಕೊಟೇಶನ್ ಪಕ್ಕಕ್ಕಿಟ್ಟು ಹಿಂದಿನ ವರ್ಷದ ಹನ್ನೆರಡು ಕರೆಂಟ್ ಬಿಲ್ ತರಿಸಿದರು. ಕೂಡಿದರೆ 4 ಲಕ್ಷ 66 ಸಾವಿರ.

"ಏನಪ್ಪಾ, ನಾವು ವರ್ಷಕ್ಕೆ ಕಟ್ಟೋದೇ ನಾಲ್ಕೂ ಮುಕ್ಕಾಲು ಲಕ್ಷ ಮುಟ್ಟಲ್ಲ. ಅದ್ರಲ್ಲಿ ಆರು ಲಕ್ಷ ಹೆಂಗ್ ಉಳಿಸ್ತೀಯ?" ಅಂತ ಕಂಟ್ರಾಕ್ಟರ್ ಕಡೆಯ ಹುಡುಗನನ್ನು ಕೇಳಿದರು.

"ಮಿಕ್ಕಿದ್ದನ್ನ ಬೆಸ್ಕಾಂಗೆ ಮಾರಬಹುದು ಸರ್" ಅಂದ ಅವನು. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಲೆಕ್ಕ ನೋಡಿಕೊಡಿ ಅಂತ ನನ್ನನ್ನು ಕರೆದಿದ್ದು ಆ ಸಭೆಯ ನಂತರ. ಅಂಕಿಗಳೆಲ್ಲ ಆ ಕಡತದಿಂದಲೇ ತೆಗೆದದ್ದು.

ಬಿಲ್ಲನ್ನು ಎರಡು ತುಂಡು ಮಾಡಿ

ಕೊಟೇಶನ್‌ನಲ್ಲಿ 5.88 ಲಕ್ಷ ಹೇಗೆ ಬಂತು ಅಂತ ಮೊದಲು ನೋಡಿದೆವು. ವರ್ಷದ ಬಿಲ್ಲನ್ನು ವರ್ಷದ ಯೂನಿಟ್‌ನಿಂದ ಭಾಗಿಸಿದ್ದರು. ಕಾಲೇಜಿನ ಬಳಕೆ ವರ್ಷಕ್ಕೆ 47,400 ಯೂನಿಟ್. ಹಾಗಾಗಿ ಯೂನಿಟ್‌ಗೆ ಸರಾಸರಿ 9 ರೂಪಾಯಿ 80 ಪೈಸೆ. ಒಂದು ಕಿಲೋವ್ಯಾಟ್ ಪ್ಯಾನಲ್ ವರ್ಷಕ್ಕೆ 1,500 ಯೂನಿಟ್ ಕೊಡುತ್ತದೆ ಅಂತ ಹಿಡಿದು, 40 ಕಿಲೋವ್ಯಾಟ್‌ಗೆ 60,000 ಯೂನಿಟ್ ಅಂದರು. 60,000ಕ್ಕೆ 9.80ರಿಂದ ಗುಣಿಸಿದರು. ಗುಣಾಕಾರ ಸರಿಯಾಗೇ ಇದೆ. ಗುಣಿಸಿದ ಎರಡು ಅಂಕಿಯೂ ತಪ್ಪು.

ಮೊದಲನೆಯದು ದರ. ಬಿಲ್ಲಿನಲ್ಲಿ ಫಿಕ್ಸೆಡ್ ಚಾರ್ಜ್ ಅಂತ ಒಂದು ಸಾಲು ಇರುತ್ತದೆ. ಅದು ಬಳಸಿದ ಯೂನಿಟ್ ಮೇಲಲ್ಲ, ಮಂಜೂರಾದ ಲೋಡ್ ಮೇಲೆ ಬೀಳುತ್ತದೆ. ಇವರ ಲೋಡ್ 40 ಕಿಲೋವ್ಯಾಟ್. ತಿಂಗಳಿಗೆ ಸುಮಾರು 8,000, ವರ್ಷಕ್ಕೆ 96,000 ರೂಪಾಯಿ. ತಾರಸಿ ತುಂಬ ಪ್ಯಾನಲ್ ಹಾಕಿ, ಒಂದು ಯೂನಿಟ್ಟೂ ಬೆಸ್ಕಾಂನಿಂದ ತಗೊಳ್ಳದೇ ಇದ್ದರೂ ಈ ದುಡ್ಡು ಕಟ್ಟಲೇಬೇಕು. ಸೋಲಾರ್ ಉಳಿಸುವುದು ಯೂನಿಟ್ ಲೆಕ್ಕದಲ್ಲಿ ಬೀಳುವ ದುಡ್ಡನ್ನು ಮಾತ್ರ. ಎನರ್ಜಿ ಚಾರ್ಜ್, ಅದರ ಮೇಲಿನ ಇಂಧನ ಹೊಂದಾಣಿಕೆ ಶುಲ್ಕ, 9% ತೆರಿಗೆ ಎಲ್ಲ ಸೇರಿ ಇವರಿಗೆ ಯೂನಿಟ್‌ಗೆ 7 ರೂಪಾಯಿ 80 ಪೈಸೆ ಬೀಳುತ್ತಿತ್ತು. 9.80ಕ್ಕೂ 7.80ಕ್ಕೂ ಎರಡು ರೂಪಾಯಿ ವ್ಯತ್ಯಾಸ. ಇಷ್ಟರಲ್ಲೇ ಉಳಿತಾಯದ ಐದನೇ ಒಂದು ಭಾಗ ಕರಗಿಹೋಯಿತು.

ಎರಡನೆಯದು 1,500 ಯೂನಿಟ್. ತುಮಕೂರಿನ ಬಿಸಿಲಿಗೆ ಅದು ಬರಬಾರದ ಅಂಕಿಯೇನಲ್ಲ. ಆದರೆ ಅಷ್ಟು ಬರಲು ಪ್ಯಾನಲ್ ಸ್ವಚ್ಛವಾಗಿರಬೇಕು, ಕರೆಂಟ್ ಹೋಗಬಾರದು. ಕರೆಂಟ್ ಹೋದರೆ ಇಂಥ ಸೋಲಾರ್ ಕೂಡ ನಿಲ್ಲುತ್ತದೆ. ಗುಬ್ಬಿ ಕಡೆ ಹಳ್ಳಿಯಲ್ಲಿ ಹಗಲು ಕರೆಂಟ್ ಹೋಗಲ್ಲ ಅಂತ ಯಾರು ಹೇಳಿಯಾರು? ಮೇಷ್ಟ್ರು ಅದಕ್ಕೆ 5% ಕಳೆದು 1,425 ಅಂತ ಬರೆದುಕೊಂಡರು. ಮುಂದಿನ ಲೆಕ್ಕವೆಲ್ಲ ಈ ಅಂಕಿಯ ಮೇಲೆ ನಿಂತಿದೆ.

ಏಪ್ರಿಲ್, ಮೇ

ಮನೆಗೂ ಶಾಲೆಗೂ ದೊಡ್ಡ ವ್ಯತ್ಯಾಸ ಇಲ್ಲಿದೆ. ಬೇಸಿಗೆ ಬಂದರೆ ಮನೆಯಲ್ಲಿ ಫ್ಯಾನು, ಫ್ರಿಜ್ಜು ಜಾಸ್ತಿ ಓಡುತ್ತವೆ. ಶಾಲೆಗೆ ಬೀಗ ಬೀಳುತ್ತದೆ. ಪ್ಯಾನಲ್‌ಗಳಿಗೆ ಮಾತ್ರ ಆಗಲೇ ಒಳ್ಳೆ ಬಿಸಿಲು. ಹಾಗಾಗಿ ವರ್ಷದ ಮೊತ್ತ ನೋಡಿ ಸೈಜ್ ತೀರ್ಮಾನ ಮಾಡುವ ಹಾಗಿಲ್ಲ. ತಿಂಗಳು ತಿಂಗಳು ಎದುರುಬದುರು ಇಟ್ಟು ನೋಡಬೇಕು.

ನೆಟ್ ಮೀಟರಿಂಗ್‌ನಲ್ಲಿ ಮೀಟರು ಎರಡೂ ಕಡೆ ಎಣಿಸುತ್ತದೆ. ಬೆಸ್ಕಾಂನಿಂದ ಒಳಗೆ ಬಂದದ್ದು ಎಷ್ಟು, ನಮ್ಮಿಂದ ಹೊರಗೆ ಹೋದದ್ದು ಎಷ್ಟು ಅಂತ. ಇವರ ಒಪ್ಪಂದದ ಪ್ರಕಾರ ಲೆಕ್ಕ ತಿಂಗಳಿಗೊಮ್ಮೆ ಚುಕ್ತಾ ಆಗುತ್ತದೆ. ಆ ತಿಂಗಳ ಬಳಕೆಯಷ್ಟು ಯೂನಿಟ್‌ಗೆ ಪೂರ್ತಿ 7.80 ಉಳಿಯುತ್ತದೆ. ಅದಕ್ಕಿಂತ ಜಾಸ್ತಿ ಉತ್ಪಾದನೆಯಾದರೆ, ಆ ಹೆಚ್ಚಿನ ಯೂನಿಟ್‌ಗೆ ಒಪ್ಪಂದದಲ್ಲಿ ಬರೆದ ಕಡಿಮೆ ದರ. ನಾವು ಲೆಕ್ಕಕ್ಕೆ 3 ರೂಪಾಯಿ ಹಿಡಿದೆವು. ಏಪ್ರಿಲ್‌ನ ಹೆಚ್ಚುವರಿಯನ್ನು ಜೂನ್‌ಗೆ ಉಳಿಸಿ ಇಡಲು ಬರುವುದಿಲ್ಲ.

30 ಕಿಲೋವ್ಯಾಟ್ ಹಾಕಿದರೆ ಯೂನಿಟ್ ಲೆಕ್ಕ ಹೀಗೆ ಬರುತ್ತದೆ:

| ತಿಂಗಳು | ಬಳಕೆ | ಉತ್ಪಾದನೆ |
|---|---|---|
| ಜೂನ್ | 4,300 | 3,150 |
| ಜುಲೈ | 4,500 | 2,940 |
| ಆಗಸ್ಟ್ | 4,400 | 3,000 |
| ಸೆಪ್ಟೆಂಬರ್ | 4,300 | 3,300 |
| ಅಕ್ಟೋಬರ್ | 3,400 | 3,450 |
| ನವೆಂಬರ್ | 4,400 | 3,360 |
| ಡಿಸೆಂಬರ್ | 4,300 | 3,510 |
| ಜನವರಿ | 4,500 | 3,840 |
| ಫೆಬ್ರವರಿ | 4,700 | 3,900 |
| ಮಾರ್ಚ್ | 4,600 | 4,350 |
| ಏಪ್ರಿಲ್ | 2,300 | 4,050 |
| ಮೇ | 1,700 | 3,900 |
| ಒಟ್ಟು | 47,400 | 42,750 |

ಅಕ್ಟೋಬರ್‌ನಲ್ಲಿ ದಸರಾ ರಜೆ, ಅಲ್ಲಿ ಐವತ್ತು ಯೂನಿಟ್ ಮಿಗುತ್ತದೆ. ಅದನ್ನು ಬಿಡಿ. ಏಪ್ರಿಲ್, ಮೇ ಎರಡರಲ್ಲೇ ಸುಮಾರು 3,950 ಮಿಗುತ್ತದೆ. ಒಟ್ಟು 4,000 ಯೂನಿಟ್ 3 ರೂಪಾಯಿ ದರಕ್ಕೆ ಹೋಗುತ್ತದೆ, ಬಾಕಿ 38,750 ಯೂನಿಟ್ 7.80ರ ಬಾಬತ್ತಿಗೆ ಬರುತ್ತದೆ. ಲೆಕ್ಕ ಹಾಕಿದರೆ 3,02,250 ಮತ್ತು 12,000, ಒಟ್ಟು 3 ಲಕ್ಷ 14 ಸಾವಿರ.

ಅದೇ ಕೋಷ್ಟಕವನ್ನು 40 ಕಿಲೋವ್ಯಾಟ್‌ಗೆ ಮಾಡಿದೆವು. ಉತ್ಪಾದನೆ 57,000. ಆದರೆ ಮಿಗುವುದು 4,000 ಅಲ್ಲ, 10,680. ಏಪ್ರಿಲ್, ಮೇ ಜೊತೆಗೆ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ತಿಂಗಳೂ ಅಷ್ಟಿಷ್ಟು ಮಿಗುತ್ತದೆ. ವರ್ಷದ ಉಳಿತಾಯ 3 ಲಕ್ಷ 93 ಸಾವಿರ. ಅಂದರೆ ಕೊನೆಯ 10 ಕಿಲೋವ್ಯಾಟ್ ದುಡಿಯುವುದು ಬರೀ 79,000. ಮೊದಲ 30ರಲ್ಲಿ ಪ್ರತಿ ಹತ್ತು ಕಿಲೋವ್ಯಾಟ್ ಸರಾಸರಿ ಒಂದು ಲಕ್ಷಕ್ಕೂ ಮೇಲೆ ದುಡಿಯುತ್ತದೆ. ಖರ್ಚು ಮಾತ್ರ ಎಲ್ಲ ಕಿಲೋವ್ಯಾಟ್‌ಗೂ ಒಂದೇ.

ಸಭೆಯಲ್ಲಿ ಒಬ್ಬರು ಪಾವಗಡದ ಮಾತು ತೆಗೆದರು. "ನಮ್ಮ ಜಿಲ್ಲೆಯಲ್ಲೇ ಹದಿಮೂರು ಸಾವಿರ ಎಕರೆಗೆ ಹಾಕವ್ರೆ, ನಾವು ನಲವತ್ತು ಕಿಲೋವ್ಯಾಟ್‌ಗೆ ಹಿಂಗೆ ಯೋಚನೆ ಮಾಡೋದಾ?" ಅಂತ. ಪಾವಗಡದ ಪಾರ್ಕು 2,050 ಮೆಗಾವ್ಯಾಟ್. ಅಲ್ಲಿ ತಯಾರಾಗುವುದೆಲ್ಲ ಮಾರಾಟಕ್ಕೆ. ಅವರಿಗೆ ಬೇಸಿಗೆ ರಜೆ ಇಲ್ಲ. ಶಾಲೆಯ ಯೂನಿಟ್‌ನ ಬೆಲೆ ಆ ತಿಂಗಳು ಶಾಲೆ ತೆರೆದಿದೆಯೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ.

ತಾರಸಿ ಮತ್ತು ತೆಂಗಿನ ಮರ

30ಕ್ಕೆ ಇಳಿಸಲು ತಾರಸಿಯೂ ಒಂದು ಕಾರಣವಾಯಿತು. ಕೊಟೇಶನ್‌ನಲ್ಲಿ ಹೈಸ್ಕೂಲು ಕಟ್ಟಡದ ಮೇಲೂ ಪ್ಯಾನಲ್ ಬರೆದಿದ್ದರು. ಅದು ಹಳೇ ಕಟ್ಟಡ, ಚಪ್ಪಡಿ ಕಲ್ಲಿನ ಚಾವಣಿ. ಕಟ್ಟಡದ ಎಂಜಿನಿಯರ್ ಬಂದು ನೋಡಿ, ಚಪ್ಪಡಿಗೆ ತೂತು ಹೊಡೆಯುವ ಮಾತೇ ಬೇಡ ಅಂದರು. ಪ್ಯಾನಲ್‌ಗೆ ಭಾರಕ್ಕಿಂತ ಗಾಳಿ ದೊಡ್ಡ ತೊಂದರೆ. ಒಂದು ಪ್ಯಾನಲ್ ಸುಮಾರು 28 ಕಿಲೋ ಅಷ್ಟೆ. ಆದರೆ ಮುಂಗಾರಿಗೆ ಮೊದಲು ಬೀಸುವ ಗಾಳಿ ಅದರ ಅಡಿಗೆ ನುಗ್ಗಿ ಮೇಲಕ್ಕೆ ಎತ್ತುತ್ತದೆ. ಆ ಎಳೆತವನ್ನು ತಡೆಯುವ ಹಿಡಿತ ಚಪ್ಪಡಿಯಲ್ಲಿ ಸಿಗುವುದಿಲ್ಲ.

ಉಳಿದದ್ದು ಪಿಯು ಕಾಲೇಜಿನ ಆರ್‌ಸಿಸಿ ತಾರಸಿ. ನೀರಿನ ಟ್ಯಾಂಕು, ಮೆಟ್ಟಿಲ ಕೋಣೆ ಕಳೆದು 2,400 ಚದರಡಿ. ಅದರಲ್ಲಿ 540 ವ್ಯಾಟ್‌ನ 56 ಪ್ಯಾನಲ್ ಹಿಡಿಯುತ್ತವೆ, ಅಂದರೆ 30 ಕಿಲೋವ್ಯಾಟ್‌ಗೆ ಸ್ವಲ್ಪ ಮೇಲೆ.

ಈ ತಾರಸಿಯ ದಕ್ಷಿಣಕ್ಕೆ ಟ್ರಸ್ಟಿನದೇ ತೆಂಗಿನ ಸಾಲು ಇದೆ. ಸೈಟು ನೋಡಲು ಕಂಟ್ರಾಕ್ಟರ್ ಬಂದದ್ದು ಏಪ್ರಿಲ್‌ನಲ್ಲಿ. ಆಗ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಮರದ ನೆರಳು ಬುಡದಲ್ಲೇ ಬೀಳುತ್ತದೆ. "ನೆರಳಿಲ್ಲ" ಅಂತ ಬರೆದುಕೊಂಡು ಹೋದರು. ಡಿಸೆಂಬರ್ ಕಥೆ ಬೇರೆ. ತುಮಕೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ ಮಧ್ಯಾಹ್ನ ಸೂರ್ಯ 53 ಡಿಗ್ರಿ ಎತ್ತರಕ್ಕೆ ಮಾತ್ರ ಏರುತ್ತಾನೆ. ತಾರಸಿಗಿಂತ 8 ಮೀಟರ್ ಮೇಲಕ್ಕೆ ಎದ್ದ ಮರದ ನೆರಳು ಆಗ 6 ಮೀಟರ್ ಉತ್ತರಕ್ಕೆ ಚಾಚುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಇನ್ನೂ ಉದ್ದ.

ನೆರಳು ಸಣ್ಣದು ಅಂತ ಬಿಡುವ ಹಾಗಿಲ್ಲ. ಪ್ಯಾನಲ್‌ಗಳನ್ನು ಸಾಲಾಗಿ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಕರೆಂಟು ಎಲ್ಲದರ ಮೂಲಕವೂ ಹಾದು ಬರಬೇಕು. ಒಂದೆರಡು ಪ್ಯಾನಲ್ ಮೇಲೆ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಇಳಿಯುತ್ತದೆ.

ಎರಡು ಮರ ಕಡಿದುಬಿಡೋಣ ಅಂತ ಒಂದು ಸಲಹೆ ಬಂತು. ಅಧ್ಯಕ್ಷರು ತಕ್ಷಣ "ಕಾಯಿ ಬಿಡೋ ಮರ ಕಡಿಯೋದಾ ಮೇಷ್ಟ್ರೇ?" ಅಂದರು. ಇದು ಬರೀ ಭಾವನೆಯ ಮಾತಾಗಿರಲಿಲ್ಲ. ನೆರಳಿನಿಂದ ವರ್ಷಕ್ಕೆ ಸುಮಾರು 300 ಯೂನಿಟ್ ಹೋಗಬಹುದು ಅಂತ ನಾವು ಅಂದಾಜು ಮಾಡಿದೆವು, 2,300 ರೂಪಾಯಿ. ಎರಡು ಫಸಲಿನ ಮರದ ಕಾಯಿಯಿಂದ ಅದಕ್ಕಿಂತ ಜಾಸ್ತಿಯೇ ಬರುತ್ತದೆ. ಮರ ಉಳಿಯಿತು. ನೆರಳು ಬೀಳುವ ಅಂಚಿನಿಂದ ಎಂಟು ಪ್ಯಾನಲ್ ತೆಗೆದು ಉತ್ತರದ ಕಡೆ ಹಾಕಿದರು. ಆದರೂ ನೆರಳು ತಾಗುವ ಪ್ಯಾನಲ್‌ಗಳನ್ನೆಲ್ಲ ಒಂದೇ ಸಾಲಿಗೆ ಸೇರಿಸಿ, ಪ್ಯಾನಲ್‌ನ ಕರೆಂಟನ್ನು ಕಟ್ಟಡದಲ್ಲಿ ಬಳಸುವ ಕರೆಂಟಾಗಿ ಬದಲಿಸುವ ಇನ್ವರ್ಟರ್‌ನಲ್ಲಿ ಬೇರೆ ಇನ್‌ಪುಟ್‌ಗೆ ಕೊಟ್ಟರು. ಅದು ಇಳಿದರೂ ಮಿಕ್ಕ ಸಾಲುಗಳು ಇಳಿಯುವುದಿಲ್ಲ. ಇದಕ್ಕೆ ಹೆಚ್ಚಿನ ಖರ್ಚೇನೂ ಬೀಳಲಿಲ್ಲ, ವೈರಿಂಗ್ ನಕ್ಷೆ ಬದಲಾಯಿತು ಅಷ್ಟೆ.

ಮೊದಲು ಬೇಕಾಗುವ ದುಡ್ಡು

ಕಿಲೋವ್ಯಾಟ್‌ಗೆ 44,000 ದರ. 30ಕ್ಕೆ 13 ಲಕ್ಷ 20 ಸಾವಿರ. "ಜಿಎಸ್‌ಟಿ ಪ್ರತ್ಯೇಕ" ಅನ್ನುವುದು ಕೊಟೇಶನ್‌ನ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿತ್ತು. ಸೋಲಾರ್ ಗುತ್ತಿಗೆಯಲ್ಲಿ ಮೊತ್ತದ 70% ಸಾಮಾನು, 30% ಕೆಲಸ ಅಂತ ಹಿಡಿದು ತೆರಿಗೆ ಹಾಕುತ್ತಾರೆ. ಆಗ ಸಾಮಾನಿಗೆ 12%, ಕೆಲಸಕ್ಕೆ 18%, ಒಟ್ಟಿನ ಮೇಲೆ 13.8% ಬೀಳುತ್ತಿತ್ತು. 1 ಲಕ್ಷ 82 ಸಾವಿರ. ವ್ಯಾಪಾರ ಮಾಡುವ ಕಂಪನಿಯಾದರೆ ಇದನ್ನು ಇನ್‌ಪುಟ್ ಕ್ರೆಡಿಟ್‌ನಲ್ಲಿ ಹಿಂದಕ್ಕೆ ಪಡೆಯುತ್ತದೆ. ಶಾಲೆಯ ಫೀಸಿಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಕ್ರೆಡಿಟ್ಟೂ ಇಲ್ಲ. ಇದು ನೇರ ಖರ್ಚು. 2025ರ ಸೆಪ್ಟೆಂಬರ್ 22ರಿಂದ ಸಾಮಾನಿನ ತೆರಿಗೆ 5%ಕ್ಕೆ ಇಳಿದಿದೆ. ಒಟ್ಟು 8.9% ಆಗುತ್ತದೆ. ಇದೇ ಕೆಲಸಕ್ಕೆ ಈಗ ಸುಮಾರು 65,000 ಕಡಿಮೆ.

ಸಬ್ಸಿಡಿ ಬಗ್ಗೆಯೂ ಕೇಳಿದರು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ 78,000ದ ಸುದ್ದಿ ಆಗ ಎಲ್ಲರ ಬಾಯಲ್ಲೂ ಇತ್ತು. ಅದು ಮನೆಗಳಿಗೆ. ಶಾಲೆ, ಕಾಲೇಜು, ಆಸ್ಪತ್ರೆಗೆ ಅದರಲ್ಲಿ ಏನೂ ಇಲ್ಲ.

ಇನ್ನು ಕೊಟೇಶನ್‌ನಲ್ಲಿ ಇಲ್ಲದ, ಆದರೆ ಮಾಡಲೇಬೇಕಾದ ಕೆಲಸಗಳು. ದೊಡ್ಡದು ತಾರಸಿಯ ವಾಟರ್‌ಪ್ರೂಫಿಂಗ್. ಪಿಯು ಬ್ಲಾಕಿನ ಒಂದು ಮೂಲೆ ಮಳೆಗಾಲದಲ್ಲಿ ಸೋರುತ್ತಿತ್ತು. ಪ್ಯಾನಲ್ ಕೂರಿಸಿದ ಮೇಲೆ ಅದರ ಅಡಿಗೆ ಕೈ ಹಾಕಲು ಎಲ್ಲ ಬಿಚ್ಚಬೇಕಾಗುತ್ತದೆ. ಹಾಗಾಗಿ ಮೊದಲೇ ಮುಗಿಸಿಕೊಂಡರು.

| ಬಾಬತ್ತು | ಲಕ್ಷ ರೂಪಾಯಿ |
|---|---|
| ಸೋಲಾರ್ ಗುತ್ತಿಗೆ, ಜಿಎಸ್‌ಟಿ ಸೇರಿ | 15.02 |
| ತಾರಸಿ ವಾಟರ್‌ಪ್ರೂಫಿಂಗ್ | 0.85 |
| ಎರಡು ಕಡೆ ಎಣಿಸುವ ಮೀಟರು, ಅರ್ಜಿ, ಪರೀಕ್ಷೆ | 0.42 |
| ಮೇಲಕ್ಕೆ ನೀರಿನ ಪೈಪು, ಓಡಾಡುವ ದಾರಿ, ಏಣಿ | 0.28 |
| ಜನರೇಟರ್ ಕಡೆಯ ಸ್ವಿಚ್ ಬದಲಾವಣೆ | 0.26 |
| ಕಟ್ಟಡದ ಎಂಜಿನಿಯರ್ ವರದಿ | 0.15 |
| ಒಟ್ಟು | 16.98 |

ಜನರೇಟರ್ ಸಾಲಿನ ಬಗ್ಗೆ ಒಂದು ಮಾತು. ಕರೆಂಟ್ ಹೋದಾಗ ಸೋಲಾರ್ ನಮ್ಮನ್ನು ಕಾಯುತ್ತದೆ ಅಂತ ಮಂಡಳಿಯ ಅರ್ಧ ಜನ ನಂಬಿದ್ದರು. ಬ್ಯಾಟರಿ ಇಲ್ಲದ ಇಂಥ ವ್ಯವಸ್ಥೆಯಲ್ಲಿ ಕರೆಂಟ್ ಹೋದರೆ ಸೋಲಾರ್ ಕೂಡ ನಿಲ್ಲುತ್ತದೆ, ಹೊರಗೆ ಎಷ್ಟೇ ಬಿಸಿಲಿರಲಿ. ನಿಲ್ಲಲೇಬೇಕು. ಲೈನ್‌ಮನ್ ಕಂಬ ಹತ್ತಿದಾಗ ನಮ್ಮ ತಾರಸಿಯಿಂದ ತಂತಿಗೆ ಕರೆಂಟ್ ಹರಿದರೆ ಪ್ರಾಣ ಹೋಗುತ್ತದೆ. ಜನರೇಟರ್ ಓಡುತ್ತಿರುವಾಗ ಸೋಲಾರ್ ಅದಕ್ಕೆ ಸೇರಿಕೊಳ್ಳದ ಹಾಗೆ ಸ್ವಿಚ್ ಬೇರೆ ಮಾಡಬೇಕಿತ್ತು. ಇಲ್ಲದಿದ್ದರೆ ಹೆಚ್ಚಾದ ಕರೆಂಟು ಜನರೇಟರ್‌ಗೇ ಹಿಂದಕ್ಕೆ ನುಗ್ಗಿ ಅದನ್ನು ಹಾಳು ಮಾಡುತ್ತದೆ. ಡೀಸೆಲ್ ಖರ್ಚು ಉಳಿಯುತ್ತದೆ ಅಂತ ಕೊಟೇಶನ್‌ನಲ್ಲಿ ಬರೆದಿದ್ದ ಸಾಲನ್ನು ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು.

ವರ್ಷದ ಲೆಕ್ಕ

ಒಟ್ಟು ಉಳಿತಾಯ 3.14 ಲಕ್ಷ. ಇದರಿಂದ ಕಳೆಯಬೇಕಾದದ್ದು ಇದೆ. ತೊಳೆಯುವವನಿಗೆ ತಿಂಗಳಿಗೆ 1,500, ವರ್ಷದ ಸರ್ವಿಸ್ 12,000, ವಿಮೆ 6,000. ಸೇರಿ 36,000. ಇದಲ್ಲದೆ ಪ್ಯಾನಲ್ 25 ವರ್ಷ ಬಂದರೂ ಇನ್ವರ್ಟರ್ ಅಷ್ಟು ಬಾಳುವುದಿಲ್ಲ. ಹತ್ತು ಹನ್ನೆರಡು ವರ್ಷಕ್ಕೆ ಹೊಸದು ಬೇಕು. ಅದಕ್ಕೆ ವರ್ಷಕ್ಕೆ 20,000 ಬೇರೆ ಖಾತೆಗೆ ಹಾಕುವುದು ಅಂತ ತೀರ್ಮಾನ ಮಾಡಿದರು. ಕೈಗೆ ನಿಲ್ಲುವುದು 2 ಲಕ್ಷ 58 ಸಾವಿರ.

ಪ್ಯಾನಲ್ ವರ್ಷಕ್ಕೆ ಅರ್ಧ ಪರ್ಸೆಂಟ್‌ಗಿಂತ ತುಸು ಜಾಸ್ತಿ ಸವೆಯುತ್ತದೆ. ಹಾಗಾಗಿ ಪ್ರತಿ ವರ್ಷ ಸುಮಾರು 1,900 ಕಡಿಮೆಯಾಗುತ್ತಾ ಹೋಗುತ್ತದೆ. ಕರೆಂಟ್ ದರ ಏರುತ್ತದೆ ಅಂತ ನಾವು ಒಂದು ಪೈಸೆಯನ್ನೂ ಸೇರಿಸಲಿಲ್ಲ. ಕೊಟೇಶನ್‌ಗಳಲ್ಲಿ ವರ್ಷಕ್ಕೆ 5% ಏರಿಕೆ ಅಂತ ಸುಮ್ನೆ ಸೇರಿಸಿರುತ್ತಾರೆ. 25 ವರ್ಷಕ್ಕೆ ಅದು ದರವನ್ನು ಮೂರು ಪಟ್ಟಿಗಿಂತ ಜಾಸ್ತಿ ಮಾಡಿ, ಎಂಥ ಕಳಪೆ ಯೋಜನೆಯನ್ನೂ ಚೆಂದ ಕಾಣಿಸುತ್ತದೆ. ಏರಿದರೆ ಲಾಭ ಅಂದುಕೊಳ್ಳಿ, ಲೆಕ್ಕದಲ್ಲಿ ಬೇಡ.

ಹೀಗೆ ಹಿಡಿದರೆ 16.98 ಲಕ್ಷ ವಾಪಸಾಗಲು ಹತ್ತಿರ ಹತ್ತಿರ ಏಳು ವರ್ಷ. ಮೂರು ವರ್ಷ ಅಂತ ಬಂದ ಕಾಗದ ಏಳಕ್ಕೆ ಬಂತು. ಆ ಹಾಳೆಯಲ್ಲಿ ಇನ್ನೊಂದು ಸಾಲೂ ಇತ್ತು. 40% ಸವಕಳಿ ತೋರಿಸಿ ಆದಾಯ ತೆರಿಗೆ ಉಳಿಸಬಹುದು ಅಂತ. ಅದು ತೆರಿಗೆ ಕಟ್ಟುವ ಕಂಪನಿಗೆ ಸರಿ. ತೆರಿಗೆ ವಿನಾಯಿತಿ ಇರುವ ಟ್ರಸ್ಟ್ ಕಟ್ಟದ ತೆರಿಗೆಯನ್ನು ಉಳಿಸುವುದು ಹೇಗೆ?

ಏಳು ವರ್ಷ ಅಂದಾಗ ಅಧ್ಯಕ್ಷರ ಮುಖ ಸಪ್ಪಗಾಯಿತು. "ಅಷ್ಟು ದಿನ ಬೇಕಾದ್ರೆ ದುಡ್ಡನ್ನ ಬ್ಯಾಂಕಲ್ಲೇ ಇಡಬಹುದಲ್ಲ ಮೇಷ್ಟ್ರೇ" ಅಂದರು. ಪ್ರಶ್ನೆ ನ್ಯಾಯವಾದದ್ದು. ಮೇಷ್ಟ್ರು ಅಲ್ಲೇ ಬರೆದು ತೋರಿಸಿದರು. 16.98 ಲಕ್ಷ ಠೇವಣಿಗೆ 7% ಬಡ್ಡಿ ಅಂದರೆ ವರ್ಷಕ್ಕೆ 1.19 ಲಕ್ಷ, ಅಸಲು ಹಾಗೇ ಇರುತ್ತದೆ. ಸೋಲಾರ್‌ನಲ್ಲಿ 2.58 ಲಕ್ಷ ಬರುತ್ತದೆ, ಆದರೆ 25 ವರ್ಷಕ್ಕೆ ಅಸಲು ಸವೆದು ಹೋಗುತ್ತದೆ. ಆ ಸವೆತಕ್ಕೆ ವರ್ಷಕ್ಕೆ 68,000 ಎತ್ತಿಟ್ಟರೂ 1.90 ಲಕ್ಷ ನಿಲ್ಲುತ್ತದೆ. ಠೇವಣಿಗಿಂತ ಮೊದಲ ವರ್ಷಗಳಲ್ಲಿ 70,000 ಮೇಲು. ಪ್ಯಾನಲ್ ಸವೆದಂತೆ ಈ ಅಂತರ ಸ್ವಲ್ಪ ಸ್ವಲ್ಪ ಕಿರಿದಾಗುತ್ತದೆ, ಕೊನೆಯವರೆಗೂ ಸೊನ್ನೆಗೆ ಇಳಿಯುವುದಿಲ್ಲ.

ಕೊನೆಗೆ ಕಟ್ಟಡ ನಿಧಿಯಿಂದ 10 ಲಕ್ಷ, ಬ್ಯಾಂಕ್ ಸಾಲ 7 ಲಕ್ಷ ಅಂತ ಠರಾವಾಯಿತು. ಹತ್ತೂವರೆ ಪರ್ಸೆಂಟ್ ಬಡ್ಡಿ, ಐದು ವರ್ಷ, ತಿಂಗಳ ಕಂತು 15,050. ವರ್ಷಕ್ಕೆ 1.81 ಲಕ್ಷ. ಉಳಿಯುವ ದುಡ್ಡಿನೊಳಗೇ ಕಂತು ನಡೆಯುತ್ತದೆ, ಫೀಸಿನ ದುಡ್ಡಿಗೆ ಕೈ ಹಾಕಬೇಕಿಲ್ಲ. ಬಡ್ಡಿಯೇ ಎರಡು ಲಕ್ಷ ಆಗುವುದರಿಂದ ಖರ್ಚು ವಾಪಸಾಗುವ ದಿನ ಇನ್ನೂ ಒಂಬತ್ತು ಹತ್ತು ತಿಂಗಳು ಮುಂದೆ ಹೋಗುತ್ತದೆ. ಗುತ್ತಿಗೆಯ ಕೊನೆಯ 10%, ಅಂದರೆ ಒಂದೂವರೆ ಲಕ್ಷವನ್ನು ಒಂದು ವರ್ಷದ ಉತ್ಪಾದನೆ ನೋಡಿ ಕೊಡುವುದು ಅಂತ ಒಪ್ಪಂದಕ್ಕೆ ಸೇರಿಸಿದರು. ಕಂಟ್ರಾಕ್ಟರ್ ಗೊಣಗಿಕೊಂಡೇ ಸಹಿ ಹಾಕಿದ.

ಭಾನುವಾರ ಏನಾಗುತ್ತಿತ್ತು

ಕೋಷ್ಟಕ ಬಜೆಟ್ ಮುಗಿದ ಮೇಲೂ ಕೆಲಸಕ್ಕೆ ಬಂತು. ಆಫೀಸಿನ ಗುಮಾಸ್ತರು ತಿಂಗಳ ಕೊನೆಗೆ ಇನ್ವರ್ಟರ್ ನೋಡಿ, ನಿಜವಾದ ಅಂಕಿಯನ್ನು ಪಕ್ಕದಲ್ಲಿ ಬರೆಯುತ್ತಿದ್ದರು.

ಮೊದಲ ತೊಂದರೆ ಫೆಬ್ರವರಿಯಲ್ಲಿ ಕಂಡಿತು. ಬಿಸಿಲು ಚೆನ್ನಾಗಿದ್ದರೂ ಅಂಕಿ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. ಮೇಲೆ ಹತ್ತಿ ನೋಡಿದರೆ ಪ್ರತಿ ಪ್ಯಾನಲ್‌ನ ಕೆಳಗಿನ ಅಂಚಿನಲ್ಲಿ ಬಿಳೀ ಪಟ್ಟಿ. ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಪುಡಿ. ತೊಳೆಯುವವನು ಮಧ್ಯಾಹ್ನದ ಬಿಸಿಲಲ್ಲಿ ಬೋರ್‌ವೆಲ್ ನೀರು ಹಾಯಿಸುತ್ತಿದ್ದ. ನೀರು ಗಡಸು. ಇಳಿದು ಕೆಳಗಿನ ಫ್ರೇಮಿನ ಹತ್ತಿರ ನಿಲ್ಲುತ್ತಿತ್ತು, ಒಣಗುತ್ತಿತ್ತು, ಉಪ್ಪು ಉಳಿಯುತ್ತಿತ್ತು. ಬೆಳಗ್ಗೆ ಏಳಕ್ಕೆ ಮುಂಚೆ ತೊಳೆಯುವುದು, ನೀರು ನಿಲ್ಲದ ಹಾಗೆ ರಬ್ಬರ್ ವೈಪರ್‌ನಿಂದ ಎಳೆಯುವುದು, ಆದಷ್ಟು ಸಂಪಿನ ಮಳೆನೀರು ಬಳಸುವುದು ಅಂತ ಬದಲಾಯಿಸಿದರು. ಅಲ್ಲಿಗೆ ಅದು ಸರಿಹೋಯಿತು.

ಎರಡನೆಯದು ಸುಲಭವಾಗಿ ಸಿಗಲಿಲ್ಲ. ತಿಂಗಳ ಮೊತ್ತದಲ್ಲಿ ಅದು ಕಾಣುವಷ್ಟು ದೊಡ್ಡದಲ್ಲ. ಮೇಷ್ಟ್ರು ದಿನದ ಅಂಕಿಗಳನ್ನು ಓದುತ್ತಾ ಕೂತಾಗ ಕಣ್ಣಿಗೆ ಬಿತ್ತು. ಶನಿವಾರ, ಸೋಮವಾರ ಚೆನ್ನಾಗಿದೆ. ಭಾನುವಾರ ಮಾತ್ರ ಕಡಿಮೆ, ಆಕಾಶದಲ್ಲಿ ಮೋಡವೇ ಇಲ್ಲದಿದ್ದರೂ. ಸೂರ್ಯನಿಗೆ ವಾರ ಗೊತ್ತಿರುತ್ತಾ?

ಒಂದು ಭಾನುವಾರ ಹನ್ನೆರಡು ಗಂಟೆಗೆ ಇನ್ವರ್ಟರ್ ಮುಂದೆ ನಿಂತು ನೋಡಿದರು. ಸ್ಕ್ರೀನಿನಲ್ಲಿ `Grid Overvoltage` ಅಂತ ಬಂತು, ಇನ್ವರ್ಟರ್ ನಿಂತಿತು. ಐದು ನಿಮಿಷದ ಮೇಲೆ ಶುರುವಾಯಿತು. ಮತ್ತೆ ನಿಂತಿತು. ಹೀಗೆ ಮಧ್ಯಾಹ್ನವಿಡೀ.

ಕಾರಣ ಇದು. ವೋಲ್ಟೇಜ್ 230 ಇರಬೇಕಾದಲ್ಲಿ 10% ಮೇಲೆ, ಅಂದರೆ 253 ದಾಟಿದರೆ ಇನ್ವರ್ಟರ್ ತಾನಾಗಿ ನಿಲ್ಲಬೇಕು ಅನ್ನುವುದು ನಿಯಮ. ವಾರದ ದಿನ ಕರೆಂಟಿನಲ್ಲಿ ಬಹುಪಾಲು ಕಾಲೇಜಿನಲ್ಲೇ ಖರ್ಚಾಗುತ್ತದೆ. ಭಾನುವಾರ ಹಗಲು ಬಳಕೆ ಕಡಿಮೆ, ಎಲ್ಲ ಹೊರಗೆ ಹೋಗಬೇಕು. ಹಳ್ಳಿಯ ಲೈನಿನಲ್ಲೂ ಆ ಹೊತ್ತಿಗೆ ಲೋಡ್ ಇಲ್ಲ. ಮೀಟರಿನ ಹತ್ತಿರ ವೋಲ್ಟೇಜ್ 249 ತೋರಿಸುತ್ತಿತ್ತು, ಇನ್ವರ್ಟರ್ ಹತ್ತಿರ 254. ನಡುವಿನ ಐದು ವೋಲ್ಟ್ ಎಲ್ಲಿಂದ ಬಂತು? ಕೇಬಲ್‌ನಿಂದ. ತಾರಸಿಯಿಂದ ಮೀಟರ್ ಬೋರ್ಡಿಗೆ 70 ಮೀಟರ್ ಓಟ. ಅಷ್ಟು ದೂರಕ್ಕೆ 10 ಚದರ ಮಿಲಿಮೀಟರ್‌ನ ತಾಮ್ರದ ಕೇಬಲ್ ಹಾಕಿದ್ದರು. ಪೂರ್ತಿ ಬಿಸಿಲಲ್ಲಿ ಫೇಸಿಗೆ 43 ಆಂಪಿಯರ್ ಹರಿದರೆ ಆ ಕೇಬಲ್‌ನ ತಡೆಯಲ್ಲೇ ಐದು ವೋಲ್ಟ್‌ಗೂ ಜಾಸ್ತಿ ಏರುತ್ತದೆ. ಕೇಬಲ್ ಸುಡುವುದಿಲ್ಲ, ಮಿತಿ ಮೀರಿ ಬಿಸಿಯೂ ಆಗುವುದಿಲ್ಲ. ಹಾಗಾಗಿ ಇನ್‌ಸ್ಟಾಲ್ ಮಾಡಿದ ದಿನ ಯಾರಿಗೂ ತಪ್ಪು ಕಾಣುವುದಿಲ್ಲ.

50 ಚದರ ಮಿಲಿಮೀಟರ್‌ನ ಅಲ್ಯೂಮಿನಿಯಂ ಕೇಬಲ್ ಎಳೆದ ಮೇಲೆ ಆ ಐದು ಎರಡಕ್ಕೆ ಇಳಿಯಿತು. ಇನ್ವರ್ಟರ್ ಹತ್ತಿರ 251. ಭಾನುವಾರದ ಅಂಕಿ ಶನಿವಾರದ ಸಮಕ್ಕೆ ಬಂತು. ಕೂಲಿ ಸೇರಿ ಖರ್ಚು 22,000.

ಮೊದಲ ಪೂರ್ತಿ ವರ್ಷದ ಉತ್ಪಾದನೆ 41,600 ಯೂನಿಟ್, ಬಜೆಟ್‌ನಲ್ಲಿ ಬರೆದದ್ದಕ್ಕಿಂತ 1,150 ಕಡಿಮೆ. ಅದರಲ್ಲಿ 37,900 ಯೂನಿಟ್ ಬಿಲ್ಲಿನಿಂದ ಕಡಿತವಾಯಿತು, 3,700 ಮಾರಾಟಕ್ಕೆ ಹೋಯಿತು. ಉಳಿತಾಯ 3 ಲಕ್ಷ 7 ಸಾವಿರ. ಖರ್ಚು, ಇನ್ವರ್ಟರ್ ನಿಧಿ ಎಲ್ಲ ಕಳೆದು 2 ಲಕ್ಷ 51 ಸಾವಿರ ನಿಂತಿತು. ಬಿಲ್ಲು ಸೊನ್ನೆಯಾಗಲಿಲ್ಲ. ಏಪ್ರಿಲ್, ಮೇನಲ್ಲೂ ಫಿಕ್ಸೆಡ್ ಚಾರ್ಜ್ ಕಟ್ಟಿದರು.

ಕಂಟ್ರಾಕ್ಟರ್ ಕೊನೆಯ ಒಂದೂವರೆ ಲಕ್ಷ ಕೇಳಲು ಬಂದಾಗ ಮೇಷ್ಟ್ರು ಭಾನುವಾರದ ಅಂಕಿಗಳಿಗೆ ಗೆರೆ ಎಳೆದ ಹಾಳೆಯನ್ನು ಮುಂದಿಟ್ಟರು. ಅವನು ಎರಡು ನಿಮಿಷ ನೋಡಿದ. ಕೇಬಲ್ಲಿನ 22,000 ಹಿಡಿದುಕೊಂಡು ಉಳಿದದ್ದಕ್ಕೆ ಚೆಕ್ ಬರೆದುಕೊಟ್ಟರು.